ಸೋಡಾಕ್ಕೆ ಬಗ್ಗದ ಹಳದಿ

ತಂಗಿಯ ಮಗಳು ಬಾಗಲಕೋಟೆಯ ನವನಗರದಲ್ಲಿ ನರ್ಸಿಂಗ್ ಓದುತ್ತಾಳೆ. ರಜೆಗೆ ಇಳಕಲ್ಲಿಗೆ ಬಂದಾಗ ಎರಡು ಬಿಳಿ ಕೋಟು ತಂದಿದ್ದಳು. ಭಾನುವಾರ ಒಗೆದು ಒಣಹಾಕಿದಾಗ ಎರಡೂ ಹಾಲಿನಂತಿದ್ದವು. ಗುರುವಾರ ಇಸ್ತ್ರಿ ಅಂಗಡಿಯಿಂದ ವಾಪಸ್ ಬಂದಾಗ ಕಾಲರಿನ ಒಳಮಡಿಕೆಯುದ್ದಕ್ಕೂ ಎರಡು ಬೆರಳಗಲ ಹಳದಿ ಪಟ್ಟಿ ಎದ್ದಿತ್ತು. ಅರಿಶಿನದ ಹಳದಿಯಲ್ಲ, ಸ್ವಲ್ಪ ಕಿತ್ತಳೆಗೆ ತಿರುಗಿದ, ತುಕ್ಕು ಹಿಡಿದ ಮೊಳೆ ಬಟ್ಟೆಗೆ ತಾಗಿದಂಥ ಬಣ್ಣ. ಇಸ್ತ್ರಿಯವನನ್ನು ಕೇಳಿದರೆ ಅವನ ಉತ್ತರ ಸಿದ್ಧವಿತ್ತು: "ಬೆವರಿಂದ ಐತ್ರಿ ಸರ. ಸೋಡಾದಾಗ ಒಂದ್ ಕುದಿ ಕುದಿಸ್ರಿ, ಹೋಗ್ತೈತಿ."

ಕುದಿಸಿದೆವು. ಹೋಗಲಿಲ್ಲ. ಒಂದು ಕೋಟಿಗೆ ನಾನೇ ಜಾಣತನ ಮಾಡಿ ಬ್ಲೀಚ್ ಹಾಕಿದೆ. ಹಳದಿ ಇನ್ನಷ್ಟು ಗಟ್ಟಿಯಾಯಿತು.

ಇಸ್ತ್ರಿಯವನ ಮಾತು ಹುರುಳಿಲ್ಲದ್ದೇನಲ್ಲ. ನಮ್ಮ ಕಡೆಯ ಒಗೆತದ ವಿದ್ಯೆಯೆಲ್ಲ ಅದರಲ್ಲಿದೆ. ಮಡಿವಾಳರು ಬಟ್ಟೆಯನ್ನು ಸವಳು ಮಣ್ಣಿನ ನೀರಲ್ಲೋ ಸೋಡಾದಲ್ಲೋ ಅದ್ದಿ ಉಬ್ಬೆಗೆ ಹಾಕುತ್ತಿದ್ದರು. ಹಬೆಯಲ್ಲಿ ಬೇಯುತ್ತ ಬೇಯುತ್ತ ಬಟ್ಟೆಯೊಳಗಿನ ಜಿಡ್ಡೇ ಕ್ಷಾರದೊಂದಿಗೆ ಕೂಡಿ ಸಾಬೂನಾಗಿ ಹೊರಬರುತ್ತಿತ್ತು. ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಹೊಲದ ಧೂಳು ಇವಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಬಾರ್ ಸಾಬೂನು, ವಾಷಿಂಗ್ ಸೋಡಾ, ಮಷಿನ್ನಿನ ಪುಡಿ, ಮನೆಬಳಕೆಯ ಬ್ಲೀಚ್ ಎಲ್ಲವೂ ಅದೇ ಕುಲದವು, ಎಲ್ಲವೂ ಕ್ಷಾರ. ಕೊನೆಗೆ ಹಾಕುವ ನೀಲಿ ಕಲೆ ತೆಗೆಯುವುದೇ ಇಲ್ಲ, ಹಳದಿಯ ಮೇಲೆ ನೀಲಿ ಹೊದಿಸಿ ಕಣ್ಣಿಗೆ ಬೆಳ್ಳಗೆ ಕಾಣಿಸುತ್ತದೆ, ಅಷ್ಟೆ. ತಕರಾರು ಏನೆಂದರೆ ಕಾಲರಿಗೆ ಈಗ ತಾಗುವ ಜಿಡ್ಡು ಬದಲಾಗಿದೆ, ನಮ್ಮ ಮದ್ದು ಬದಲಾಗಿಲ್ಲ.

ಹುಡುಗಿಯ ಚೀಲದಲ್ಲಿದ್ದ ಸನ್‌ಸ್ಕ್ರೀನ್ ಟ್ಯೂಬಿನ ಹಿಂಬದಿಯಲ್ಲಿ ಸೂಕ್ಷ್ಮ ಅಕ್ಷರದಲ್ಲಿ ಒಂದು ಉದ್ದನೆಯ ಹೆಸರಿತ್ತು: ಬ್ಯುಟೈಲ್ ಮೆಥಾಕ್ಸಿಡೈಬೆನ್ಜಾಯಿಲ್‌ಮೀಥೇನ್. ಚಿಕ್ಕ ಹೆಸರು ಅವೊಬೆನ್‌ಜೋನ್. ಚರ್ಮದ ಆಳಕ್ಕಿಳಿಯುವ ಯುವಿಎ ಕಿರಣಗಳನ್ನು ತಡೆಯಲು ಹಾಕುವ ವಸ್ತು. ಅಮೆರಿಕದಲ್ಲಿ ನೂರಕ್ಕೆ 3 ಪಾಲು, ಯುರೋಪಿನಲ್ಲಿ 5 ಪಾಲಿನವರೆಗೆ ಹಾಕಲು ಅನುಮತಿಯಿದೆ. ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ತನ್ನ ಪಾಡಿಗಿದ್ದರೆ ಬಟ್ಟೆಯ ಮೇಲೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆದರೆ ಇದಕ್ಕೊಂದು ಗುಣವಿದೆ. ಇದರ ಅಣುವಿನಲ್ಲಿ ಅಕ್ಕಪಕ್ಕ ಎರಡು ಆಮ್ಲಜನಕಗಳಿವೆ, ಇಕ್ಕಳದ ಎರಡು ತುದಿಯ ಹಾಗೆ. ನೀರಿನಲ್ಲಿ ಕಬ್ಬಿಣ ಸಿಕ್ಕರೆ ಅದನ್ನು ಹಿಡಿದುಕೊಳ್ಳುತ್ತವೆ. ಒಂದು ಕಬ್ಬಿಣದ ಸುತ್ತ ಮೂರು ಇಕ್ಕಳ ಕೂಡಿದರೆ ಅದು ಕಿತ್ತಳೆ ಹಳದಿಯ ಬಣ್ಣವೇ ಆಗುತ್ತದೆ. ಬಣ್ಣಗಾರರು ನೂಲಿನಲ್ಲಿ ಬಣ್ಣ ನಿಲ್ಲಲು ಲೋಹದ ಉಪ್ಪು ಬಳಸುವುದಿಲ್ಲವೆ? ನಾವು ಬೇಡದೆಯೇ ಕಾಲರಿಗೆ ಅದೇ ಕೆಲಸ ಮಾಡುತ್ತಿದ್ದೇವೆ.

ಇದಕ್ಕೆ ಎಷ್ಟು ಕಬ್ಬಿಣ ಬೇಕು? ಕಾಗದ ಪೆನ್ನು ಹಿಡಿದು ಕೂತೆ. ಪ್ರಯೋಗಾಲಯದಲ್ಲಿ ಸನ್‌ಸ್ಕ್ರೀನ್ ಪರೀಕ್ಷಿಸುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಕಾಲರ್ ತಾಗುವ ಕುತ್ತಿಗೆಯ ಪಟ್ಟಿ 40 ಸೆಂಟಿಮೀಟರ್ ಉದ್ದ, 4 ಅಗಲ ಎಂದಿಟ್ಟುಕೊಂಡರೆ 320 ಮಿಲಿಗ್ರಾಂ ಕ್ರೀಮು. ಅದರಲ್ಲಿ ನೂರಕ್ಕೆ 3ರಂತೆ ಅವೊಬೆನ್‌ಜೋನ್ ಸುಮಾರು 10 ಮಿಲಿಗ್ರಾಂ. ಇಷ್ಟನ್ನೂ ಹಳದಿ ಮಾಡಲು ಅರ್ಧ ಮಿಲಿಗ್ರಾಂಗಿಂತ ತುಸು ಹೆಚ್ಚು ಕಬ್ಬಿಣ ಸಾಕು. ಇನ್ನು ನೀರು. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಒಗೆದ ಬಟ್ಟೆಗೂ ಸಿಂಕಿಗೂ ಕಲೆ ಹಿಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅಷ್ಟೇ ಇದೆ ಎಂದರೂ 20 ಲೀಟರ್ ಬಕೆಟ್ಟಿನಲ್ಲಿ 6 ಮಿಲಿಗ್ರಾಂ ಆಯಿತು, ಅಂದರೆ ಬೇಕಾದ್ದಕ್ಕಿಂತ ಹತ್ತು ಪಟ್ಟು. ಯಾರೂ ಪರೀಕ್ಷೆಯಲ್ಲಿ ಹಚ್ಚುವಷ್ಟು ದಪ್ಪ ಹಚ್ಚುವುದಿಲ್ಲ, ಹಚ್ಚಿದ್ದೆಲ್ಲ ಬಟ್ಟೆಗೆ ಬರುವುದಿಲ್ಲ, ನೀರಿನ ಕಬ್ಬಿಣವೆಲ್ಲ ಕಾಲರನ್ನೇ ಹುಡುಕಿಕೊಂಡು ಹೋಗುವುದೂ ಇಲ್ಲ, ನಿಜ. ಆದರೆ ಒಗೆತ ವಾರವಾರವೂ ಇದೆ.

ಕಬ್ಬಿಣವನ್ನು ಬೋರಿನ ನೀರೂ ತರಬಹುದು, ತುಕ್ಕು ಹಿಡಿದ ಹಳೆಯ ಪೈಪೂ ತರಬಹುದು. ಪಂಪಿನಿಂದ ಬರುವಾಗ ಈ ನೀರು ಕನ್ನಡಿಯಂತಿರುತ್ತದೆ, ಏಕೆಂದರೆ ನೆಲದಡಿ ಗಾಳಿ ತಾಗದ ಕಬ್ಬಿಣಕ್ಕೆ ಬಣ್ಣವಿಲ್ಲ. ಗಾಳಿ ತಾಗಿದ ಮೇಲೆ ಅದು ತುಕ್ಕಿನ ರೂಪಕ್ಕೆ ತಿರುಗುತ್ತದೆ. ಬಾದಾಮಿಯ ಬಂಡೆಗಳನ್ನು ಕೆಂಪಾಗಿಸಿದ್ದೂ ಇದೇ ಕಬ್ಬಿಣದ ಆಕ್ಸೈಡ್. ನಿಮ್ಮ ಮನೆಯ ನೀರು ಎಂಥದ್ದೆಂದು ನೋಡಬೇಕಾದರೆ ಬಿಳಿ ಬಕೆಟ್ಟಿನಲ್ಲಿ ಹಿಡಿದು ಒಂದು ರಾತ್ರಿ ಮುಚ್ಚದೆ ಇಡಿ. ಬೆಳಗ್ಗೆ ತಳದಲ್ಲಿ ಕೆಂಗಂದು ಗಸಿ ಕೂತಿದ್ದರೆ ಕಾಲರಿನ ಬಣ್ಣ ಬರುವ ದಾರಿ ಅದೇ.

ಒಗೆದ ದಿನ ಕಾಣದ್ದು ನಾಲ್ಕು ದಿನಕ್ಕೆ ಏಕೆ ಕಾಣುತ್ತದೆ ಎಂಬುದಕ್ಕೂ ಇಲ್ಲೇ ಅರ್ಧ ಉತ್ತರವಿದೆ: ಬಟ್ಟೆಯೊಳಗೆ ಉಳಿದ ಬಣ್ಣವಿಲ್ಲದ ಕಬ್ಬಿಣ ಒಣಗುತ್ತ ಗಾಳಿಯಲ್ಲಿ ತಿರುಗಬೇಕು, ಅವೊಬೆನ್‌ಜೋನಿನ ಕೈಗೆ ಸಿಗಬೇಕು. ಇನ್ನರ್ಧ ಉತ್ತರ ನಮ್ಮ ಅಡುಗೆಮನೆಯಲ್ಲಿದೆ. ಕುಸುಬಿ ಎಣ್ಣೆ ಬಳಸುವ ಮನೆಯಲ್ಲಿ ಒಲೆಯ ಹಿಂದಿನ ಗೋಡೆಯನ್ನು ಮುಟ್ಟಿ ನೋಡಿ. ಸಿಡಿದಾಗ ತಿಳಿಯಾಗಿದ್ದ ಎಣ್ಣೆ ದಿನ ಕಳೆದಂತೆ ಅಂಟಂಟಾದ ಹಳದಿ ಪದರವಾಗಿರುತ್ತದೆ; ಗಾಳಿಯನ್ನು ಹೀರಿ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಚರ್ಮದ ಜಿಡ್ಡೂ ಕ್ರೀಮಿನ ಕೆಲವು ಎಣ್ಣೆಗಳೂ ಕಾಲರಿನಲ್ಲಿ ಇದನ್ನೇ ಮಾಡುತ್ತವೆ. ಒಗೆತದಲ್ಲಿ ಮೇಲಿನ ಜಿಡ್ಡು ಹೋಗಿ ನೂಲಿನ ಒಳಗಿನದು ಉಳಿಯುತ್ತದೆ. ಆಗ ಅದಕ್ಕೆ ಬಣ್ಣವಿಲ್ಲ, ನಾವು ಸ್ವಚ್ಛವಾಯಿತೆಂದುಕೊಳ್ಳುತ್ತೇವೆ. ಮೇಲೆ ಇಸ್ತ್ರಿಯ ಕಾವು ಬಿದ್ದರೆ ವಾರದ ಕೆಲಸ ನಿಮಿಷದಲ್ಲಿ ಮುಂದಕ್ಕೆ ಹೋಗುತ್ತದೆ. ಇಸ್ತ್ರಿಯವನು ಕಲೆ ಮಾಡಿದ ಎಂದು ಜಗಳ ತೆಗೆಯುವವರಿದ್ದಾರೆ. ಪಾಪ, ಅವನು ಮಾಡಿದ್ದಲ್ಲ, ಅವನ ಮೇಜಿನ ಮೇಲೆ ಅದು ಹೊರಬಿತ್ತು. ಗಡಸು ನೀರು ಇದಕ್ಕೆ ಒತ್ತಾಸೆ. ನೊರೆ ಬರದ ನೀರಿನಲ್ಲಿ ಬಾರ್ ಸಾಬೂನು ಸುಣ್ಣದ ಅಂಶದೊಡನೆ ಕೂಡಿ ಕರಗದ ಕಿಟ್ಟವಾಗುತ್ತದೆ, ಆ ಕಿಟ್ಟ ಜಿಡ್ಡನ್ನು ನೂಲಿಗೆ ಇನ್ನಷ್ಟು ಮೆತ್ತುತ್ತದೆ. ಕಾಲರಿಗೆ ಮೂರು ಸಲ ಸಾಬೂನು ತಿಕ್ಕಿದೆ ಎಂದು ಹೇಳುವವರು ಮೂರು ಸಲ ಕಿಟ್ಟ ತಿಕ್ಕಿರುತ್ತಾರೆ.

ಹಾಗಾದರೆ ಕಾಲರಿನ ಹಳದಿಯಲ್ಲಿ ಜಿಡ್ಡಿನದು ಯಾವುದು, ಕಬ್ಬಿಣದ್ದು ಯಾವುದು? ಲಿಂಬಿಹಣ್ಣು ಹೇಳುತ್ತದೆ. ಕಲೆಯ ಒಂದು ಮೂಲೆಗೆ ಎರಡು ಹನಿ ರಸ ಹಿಂಡಿ ಅರ್ಧ ಗಂಟೆ ನೆರಳಿನಲ್ಲಿ ಬಿಡಿ, ಒಣಗದ ಹಾಗೆ ನೋಡಿಕೊಳ್ಳಿ. ಹನಿ ಬಿದ್ದ ಕಡೆ ತಿಳಿಯಾದರೆ ಕಬ್ಬಿಣದ್ದು: ಹುಳಿ ಇಕ್ಕಳಗಳನ್ನು ಸಡಿಲಿಸುತ್ತದೆ, ಅದರಲ್ಲಿರುವ ಸಿಟ್ರಿಕ್ ಆಮ್ಲ ಕಬ್ಬಿಣವನ್ನು ತಾನೇ ಹಿಡಿದು ನೀರಿಗೆ ತರುತ್ತದೆ. ಏನೂ ಆಗದೆ, ಮೂಸಿದರೆ ಹಳೆಯ ಎಣ್ಣೆಯ ಕಮಟು ಬಂದರೆ ಜಿಡ್ಡಿನದು. ಅದಕ್ಕೆ ಇಸ್ತ್ರಿಯವನ ಸೋಡಾವೇ ಸರಿ. ಫೌಂಡೇಶನ್ನಿನ ಕಲೆಯದು ಬೇರೆಯೇ ಕತೆ. ಅದರ ಬಣ್ಣವೂ ಕಬ್ಬಿಣದ ಆಕ್ಸೈಡೇ, ಆದರೆ ಪುಡಿಯ ರೂಪದಲ್ಲಿ ಮೊದಲ ದಿನವೇ ಕಾಣುತ್ತದೆ, ಕಾದು ಕುಳಿತು ಮೋಸ ಮಾಡುವುದಿಲ್ಲ. ಜಿಡ್ಡು ಬಿಡಿಸಿದರೆ ಪುಡಿಯೂ ಅದರೊಂದಿಗೆ ಉದುರುತ್ತದೆ.

ಮೊದಲ ಕೋಟಿಗೆ ನಾವು ಮಾಡಿದ್ದು ಹೀಗೆ. ಬಟ್ಟೆ ಒಣಗಿರುವಾಗಲೇ, ನೀರು ಮುಟ್ಟಿಸದೆ, ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಕಾಲರಿಗೆ ಸವರಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಆಡಿಸಿ ಕಾಲು ಗಂಟೆ ಬಿಟ್ಟೆವು. ಜಿಡ್ಡು ಹೋಗದೆ ಹುಳಿ ಒಳಗೆ ಇಳಿಯುವುದಿಲ್ಲ, ಹಾಗಾಗಿ ಈ ಸರದಿ ತಪ್ಪಬಾರದು. ಕೈ ತಾಳುವಷ್ಟು ಬಿಸಿನೀರಲ್ಲಿ ಜಾಲಿಸಿದೆವು, ಅದೂ ಕುಡಿಯಲು ತರುವ ಫಿಲ್ಟರ್ ನೀರಿನಲ್ಲಿ. ಆಮೇಲೆ ಒಂದು ಲೋಟ ಬೆಚ್ಚನೆ ನೀರಿಗೆ ಒಂದು ಟೀ ಚಮಚ ನಿಂಬೆ ಉಪ್ಪು, ಅಂದರೆ ಕಿರಾಣಿ ಅಂಗಡಿಯ ಸಿಟ್ರಿಕ್ ಆಮ್ಲ, ಕದಡಿ ಕಾಲರನ್ನಷ್ಟೇ ಅದರಲ್ಲಿ ಮುಳುಗಿಸಿದೆವು. ಅರ್ಧ ಗಂಟೆಗೆ ಕಿತ್ತಳೆ ಹೋಗಿ ತೆಳು ಹಳದಿ ಉಳಿದಿತ್ತು, ಇನ್ನೊಂದು ಸಲಕ್ಕೆ ಅದೂ ಹೋಯಿತು. ಹುಡುಗಿ ಲೋಟ ಎತ್ತಿ ಬೆಳಕಿಗೆ ಹಿಡಿದು, "ಮಾಮಾ, ನೀರ ಹಳದಿ ಆಗೇತಿ ನೋಡ್ರಿ" ಅಂದಳು.

ಇದರಲ್ಲಿ ಎಡವುವ ಜಾಗಗಳಿವೆ. ಹುಳಿ ಪೂರ್ತಿ ಹೋಗುವ ತನಕ ಜಾಲಿಸದೆ ಇಸ್ತ್ರಿ ಮಾಡಿದರೆ ಹತ್ತಿಯ ನೂಲು ಕಾವಿಗೆ ಮೆದುವಾಗಿ ಹರಿಯುತ್ತದೆ. ಶಹಾಬಾದ್ ಕಲ್ಲಿನ ಬಚ್ಚಲಲ್ಲಿ ಈ ನೀರು ಚೆಲ್ಲಬೇಡಿ, ಅದು ಸುಣ್ಣಕಲ್ಲು, ಹೊಳಪು ಹೋಗಿ ಗುರುತು ಬೀಳುತ್ತದೆ. ಬ್ಲೀಚಿನ ಜೊತೆ ಹುಳಿ ಸೇರಿಸಲೇಬಾರದು. ಕ್ಲೋರಿನ್ ಅನಿಲ ಬಿಡುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಪುಪ್ಪುಸಕ್ಕೆ ಅಪಾಯ. ಬಣ್ಣದ ಬಟ್ಟೆಗೆ, ಅದರಲ್ಲೂ ಗುಳೇದಗುಡ್ಡದ ಖಣದ ಕುಪ್ಪಸದ ಕುತ್ತಿಗೆಗೋ ಇಳಕಲ್ ಸೀರೆಯ ರೇಷ್ಮೆ ಸೆರಗಿಗೋ, ಒಳಗಿನ ಹೊಲಿಗೆಯಂಚಿನಲ್ಲಿ ಒಂದು ಹನಿ ಹಾಕಿ ನೋಡದೆ ಕೈಯಿಡಬೇಡಿ. ಟೋಪಿ ತೆನಿಯ ಕೆಂಪು ಬಿಟ್ಟುಹೋದರೆ ಕಾಲರಿನ ಹಳದಿ ನೆನಪಿಗೂ ಬರುವುದಿಲ್ಲ. ಪಾಲಿಯೆಸ್ಟರ್ ಕೂಡಿದ ಬಟ್ಟೆ ಎಣ್ಣೆಯನ್ನು ಹತ್ತಿಗಿಂತ ಬಿಗಿಯಾಗಿ ಹಿಡಿಯುವುದರಿಂದ ಅಲ್ಲಿ ಮೊದಲ ಹೆಜ್ಜೆಯನ್ನೇ ಎರಡು ಮೂರು ಸಲ ಮಾಡಬೇಕಾಗುತ್ತದೆ.

ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವ ನಮ್ಮ ಮನೆಗಳಿಗೆ ಲೋಹದ ಕಲೆಗೆ ಹುಳಿಯೇ ಮದ್ದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆ ತಿಳಿವಳಿಕೆ ಪಾತ್ರೆಯ ಕಲ್ಲಿನಿಂದ ಬಟ್ಟೆಯ ಕಲ್ಲಿಗೆ ದಾಟಲಿಲ್ಲ, ಏಕೆಂದರೆ ಬಟ್ಟೆಯ ಮೇಲೆ ಲೋಹದ ಕಲೆ ಹೀಗೆ ದಿನಾ ಬಂದದ್ದಿಲ್ಲ. (ಹುಣಸೆಯನ್ನು ಕೋಟಿಗೆ ಹಚ್ಚಬೇಡಿ, ಅದೇ ಕಂದು ಕಲೆ ಮಾಡುತ್ತದೆ. ಇಂಡಿಯ ಲಿಂಬಿ ಪೇಟೆಯಲ್ಲಿ ಸಿಗುತ್ತದಲ್ಲ.) ಹುಡುಗಿ ಈಗ ಅಂಗಿ ತೊಡುವ ಮುಂಚೆ ಕ್ರೀಮು ಹಚ್ಚಿ ಕಾಲು ಗಂಟೆ ಆರಲು ಬಿಡುತ್ತಾಳೆ. ಕುತ್ತಿಗೆಗೆ ಮಾತ್ರ ಜಿಂಕ್ ಆಕ್ಸೈಡಿನ ಬೇರೆ ಟ್ಯೂಬು ತಂದಿದ್ದಾಳೆ, ಅದು ಬಿಳಿ ಗುರುತು ಬಿಡುತ್ತದೆಯೇ ಹೊರತು ಕಬ್ಬಿಣದೊಡನೆ ಬಣ್ಣ ಕಟ್ಟುವುದಿಲ್ಲ.

ಎರಡನೆಯ ಕೋಟಿಗೂ ಅದೇ ಹುಳಿ, ಅದೇ ಹೊತ್ತು. ಮೂರು ಸಲ ಮಾಡಿದ ಮೇಲೂ ಕಾಲರಿನ ಮಡಿಕೆಯಲ್ಲಿ ಎಳೆಯಷ್ಟು ಅಗಲದ ಹಳದಿ ಉಳಿದಿದೆ, ನಾನು ಬ್ಲೀಚ್ ಸುರಿದಿದ್ದ ಕಡೆ.