ಎದೆ ಮೊದಲೋ, ತಲೆ ಮೊದಲೋ?

ಕ್ರೀಡಾಕೂಟದ ಗುಣಮಟ್ಟ ಗೊತ್ತಾಗುವುದು ಪಥಸಂಚಲನದಲ್ಲಲ್ಲ, ಮೈಕ್ ಹಿಡಿದವರ ಮಾತಿನಲ್ಲಿ. ಫಿಲೋಮಿನಾ ಕಾಲೇಜಿನಿಂದಾಗಿ ಪುತ್ತೂರಿನ ದರ್ಬೆಯ ಹೆಸರು ಕ್ರೀಡಾಪ್ರಿಯರಿಗೆ ಪರಿಚಿತ. ಅಲ್ಲಿನ ಮೈದಾನವೊಂದರಲ್ಲಿ ಇತ್ತೀಚೆಗೆ ಕೇಳಿದ ಪ್ರಕಟಣೆ ನನಗೆ ಬಹಳ ಹಿಡಿಸಿತು. ಸಂಘಟಕರು ಗಣ್ಯರ ಪಟ್ಟಿಯನ್ನು ಎರಡೇ ವಾಕ್ಯದಲ್ಲಿ ಮುಗಿಸಿ ನೇರ ವಿಷಯಕ್ಕೆ ಬಂದರು: "ಮೊದಲು ನೂರು ಮೀಟರ್ ಹೀಟ್ಸ್. ಅದೇ ಹೊತ್ತಿಗೆ ಆಚೆ ಗುಂಡು ಎಸೆತ. ಬಳಿಕ ಎಂಟುನೂರು ಮೀಟರ್. ನೂರರ ಫೈನಲ್ ಅದು ಮುಗಿದ ಮೇಲೆಯೇ, ಮಕ್ಕಳು ಉಸಿರು ತೆಗೆದುಕೊಳ್ಳಲಿ. ರಿಲೇ ಕೊನೆಗೆ."

ಈ ಅನುಕ್ರಮದ ಹಿಂದೆ ಲೆಕ್ಕವಿದೆ. 200 ಮೀಟರ್‌ವರೆಗಿನ ಓಟಗಳಲ್ಲಿ ಒಂದು ಸುತ್ತಿಗೂ ಮುಂದಿನದಕ್ಕೂ ನಡುವೆ ಕನಿಷ್ಠ 45 ನಿಮಿಷ ಬಿಡಬೇಕೆಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಶಾಲಾ ಕೂಟಗಳಲ್ಲಿ ಇದನ್ನು ಮರೆತು, ಹೀಟ್ಸ್ ಓಡಿ ಏದುಸಿರು ಬಿಡುತ್ತಿರುವ ಹುಡುಗನನ್ನೇ ಮತ್ತೆ ಲೇನಿಗೆ ಕರೆಯುವುದುಂಟು. ರಿಲೇ ಕೊನೆಗಿಡುವುದೂ ಬರೀ ಗೌಜಿಗಲ್ಲ. ವೇಗದ ಓಟಗಾರರೇ ರಿಲೇ ತಂಡದಲ್ಲೂ ಇರುತ್ತಾರೆ. ಅದು ಬೇಗ ಬಂದರೆ ಅವರ ವೈಯಕ್ತಿಕ ಓಟ ಕೆಡುತ್ತದೆ.

ತಕರಾರು ಬಂದದ್ದು ನೂರು ಮೀಟರ್ ಫೈನಲ್‌ನಲ್ಲಿ. ಮೂರನೇ ಮತ್ತು ನಾಲ್ಕನೇ ಲೇನಿನ ಹುಡುಗರು ಒಟ್ಟಿಗೆ ಗೆರೆ ದಾಟಿದರು. ಒಬ್ಬ ತಲೆಯನ್ನೂ ಕೈಯನ್ನೂ ಮುಂದೆ ಚಾಚಿದ್ದ, ಇನ್ನೊಬ್ಬ ಎದೆಯನ್ನು. ಗ್ಯಾಲರಿ ತಲೆಯ ಕಡೆ, ತೀರ್ಪುಗಾರರು ಎದೆಯ ಕಡೆ. ಸಂಘಟಕರು ಮೈಕ್ ಹಿಡಿದು ಹೇಳಿದ್ದು ಇಷ್ಟು: "ತಲೆ, ಕುತ್ತಿಗೆ, ಕೈಕಾಲು ಲೆಕ್ಕಕ್ಕಿಲ್ಲ. ಮುಂಡದ ಯಾವ ಭಾಗವಾದರೂ ಗೆರೆಯ ಈಚಿನ ಅಂಚಿಗೆ ಮುಟ್ಟಿದ ಕ್ಷಣವೇ ಮುಕ್ತಾಯ. ಆ ಲೆಕ್ಕದಲ್ಲಿ ನಾಲ್ಕನೇ ಲೇನ್ ಪ್ರಥಮ." ಗಲಾಟೆ ನಿಂತಿತು. ಯಾರು ಗೆದ್ದರೆಂಬುದರ ಜೊತೆಗೆ ಏಕೆ ಗೆದ್ದರೆಂದೂ ಹೇಳಿದ್ದರಿಂದ ಸೋತವನ ಕಡೆಯವರೂ ಕುಳಿತರು.

ಪ್ಯಾರಿಸ್ ಒಲಿಂಪಿಕ್ಸ್‌ನ 100 ಮೀಟರ್ ಫೈನಲ್ ನೋಡಿದವರಿಗೆ ಇದು ನೆನಪಿರಬಹುದು. ನೋವಾ ಲೈಲ್ಸ್ ಮತ್ತು ಕಿಶಾನ್ ಥಾಂಪ್ಸನ್ ಇಬ್ಬರಿಗೂ 9.79 ಸೆಕೆಂಡು. ಥಾಂಪ್ಸನ್ ಕಾಲು ಮೊದಲು ಗೆರೆ ದಾಟಿತ್ತು, ಲೈಲ್ಸ್ ಎದೆ ಮುಂದಿತ್ತು. ಸಾವಿರದ ಲೆಕ್ಕಕ್ಕೆ ಇಳಿದಾಗ 9.784 ಮತ್ತು 9.789. ಚಿನ್ನ ಎದೆಗೆ ಹೋಯಿತು.

ಇದನ್ನು ತೀರ್ಮಾನಿಸಿದ ಫೋಟೊ ಫಿನಿಶ್ ಚಿತ್ರ ನಮ್ಮ ಮೊಬೈಲ್ ಫೋಟೊದಂಥದ್ದಲ್ಲ. ಕ್ಯಾಮೆರಾ ಇಡೀ ಮೈದಾನವನ್ನು ನೋಡುವುದೇ ಇಲ್ಲ. ಮುಕ್ತಾಯದ ಗೆರೆಯ ಮೇಲಿನ ಕೂದಲೆಳೆಯಷ್ಟು ಅಗಲದ ಸೀಳನ್ನು ಮಾತ್ರ ಸೆಕೆಂಡಿಗೆ ಸಾವಿರಾರು ಸಲ ಹಿಡಿದು, ಆ ಸೀಳುಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತದೆ. ಹಾಗಾಗಿ ಚಿತ್ರದಲ್ಲಿ ಎಡದಿಂದ ಬಲಕ್ಕಿರುವುದು ಜಾಗವಲ್ಲ, ಸಮಯ. ಗೆರೆಯ ಮೇಲೆ ಊರಿದ ಪಾದ ಕ್ಷಣಕಾಲ ಅಲ್ಲೇ ಇರುವುದರಿಂದ ಮೊಳದುದ್ದಕ್ಕೆ ಹಿಗ್ಗಿ ಕಾಣುತ್ತದೆ. ತೀರ್ಪುಗಾರರು ಎದೆಯ ತುದಿಗೆ ಲಂಬ ಗೆರೆ ಎಳೆದು ಸಮಯ ಓದುತ್ತಾರೆ.

ನಮ್ಮ ಪಿ.ಟಿ. ಮಾಸ್ಟ್ರ ಬಳಿ ಇರುವುದು ಮೊಬೈಲ್. ಅದರ ಮಿತಿ ತಿಳಿದಿರಬೇಕು. ಸಾಮಾನ್ಯ ವಿಡಿಯೊ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. ಕೊನೆಯಲ್ಲಿ ಸೆಕೆಂಡಿಗೆ ಒಂಬತ್ತು ಮೀಟರ್ ಓಡುವ ಹುಡುಗ ಎರಡು ಚಿತ್ರಗಳ ನಡುವೆ ಸುಮಾರು ಒಂದು ಅಡಿ ಸಾಗಿರುತ್ತಾನೆ. ಎದೆ ಗೆರೆ ಮುಟ್ಟಿದ ಕ್ಷಣ ಸಿಗದೇ ಹೋಗಬಹುದು. ಸ್ಲೋ ಮೋಷನ್‌ನಲ್ಲಿ 240 ಚಿತ್ರ ಹಿಡಿದರೆ ಅಂತರ ಒಂದೂವರೆ ಇಂಚಿಗೆ ಇಳಿಯುತ್ತದೆ. ಆದರೆ ಮೊಬೈಲ್ ಸ್ಟ್ಯಾಂಡ್ ಮೇಲೆ, ಗೆರೆಯ ನೇರಕ್ಕೇ ಇರಬೇಕು. ಒಂದು ಹೆಜ್ಜೆ ಆಚೀಚೆಯಾದರೂ ಓರೆನೋಟ ಬಂದು ಹತ್ತಿರದ ಲೇನಿನವನಿಗೋ ದೂರದವನಿಗೋ ಇಲ್ಲದ ಮುನ್ನಡೆ ಸಿಕ್ಕಿಬಿಡುತ್ತದೆ. ಗ್ಯಾಲರಿಯಿಂದ ತೆಗೆದ ವಿಡಿಯೊವನ್ನು ತಂದು ವಾದಿಸುವವರಿಗೆ ಇದನ್ನು ಯಾರಾದರೂ ಹೇಳಬೇಕು, ಮಾರಾಯ್ರೆ.

ಇಂಚಿನ ಬೆಲೆ ನಮ್ಮ ದೇಶಕ್ಕೆ ಗೊತ್ತಿದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು ಅವರಿಗೆ 55.41 ಸೆಕೆಂಡು, ಪಿ.ಟಿ. ಉಷಾ ಅವರಿಗೆ 55.42. ಆ ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗವೆಂದರೆ ಮೂರು ಇಂಚಿಗಿಂತ ಕಡಿಮೆ. ಕಂಚು ತಪ್ಪಿತು.

ಈ ವರ್ಷ ಕೂಟ ನಡೆಸುವವರಲ್ಲಿ ಒಂದು ವಿನಂತಿ. ಎದೆಯ ನಿಯಮವನ್ನು ಓಟ ಮುಗಿದ ಮೇಲಲ್ಲ, ಶುರುವಾಗುವ ಮೊದಲೇ ಮೈಕಿನಲ್ಲಿ ಹೇಳಿಬಿಡಿ. ಎಷ್ಟು ನೋಡಿದರೂ ಅಂತರ ಕಾಣದಿದ್ದರೆ ಚೀಟಿ ಎತ್ತಬೇಡಿ. ಇಬ್ಬರಿಗೂ ಪ್ರಥಮ ಕೊಡಿ, ದ್ವಿತೀಯ ಸ್ಥಾನ ಖಾಲಿ ಬಿಡಿ, ಮುಂದಿನವನು ತೃತೀಯ. ಇನ್ನೊಂದು ಕಪ್ಪಿಗೆ ಪುತ್ತೂರು ಪೇಟೆ ದೂರವೇನಿಲ್ಲ.