ಫ್ಯಾನಿನ ದೂರನ್ನು ಮುಚ್ಚಿಹಾಕುವ ರೂಢಿ

ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ `CPU Fan Error! Press F1 to Run SETUP` ಎಂದು ಬಂದು ನಿಂತುಬಿಡುತ್ತದೆ. ರಿಪೇರಿಯವರಲ್ಲಿ ಹಲವರು ಮಾಡುವುದು ಒಂದೇ ಕೆಲಸ: ಸೆಟಪ್ಪಿಗೆ ಹೋಗಿ ಫ್ಯಾನ್ ವೇಗದ ಮಿತಿಯನ್ನು `Ignore` ಮಾಡಿ ಕೈತೊಳೆದುಕೊಳ್ಳುವುದು. ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಗಿರಾಕಿಗೂ ಸಮಾಧಾನ. ಈ ರೂಢಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಸಂದೇಶಕ್ಕೂ ಬಿಸಿಗೂ ನೇರ ಸಂಬಂಧವಿಲ್ಲ. ಫ್ಯಾನಿನ ಮೂರನೆಯ ತಂತಿ ಒಂದು ಸುತ್ತಿಗೆ ಎರಡರಂತೆ ಮಿಡಿತ ಕಳಿಸುತ್ತದೆ. ಮದರ್‌ಬೋರ್ಡು `CPU_FAN` ಎಂದು ಬರೆದಿರುವ ಪಿನ್ನುಗಳಲ್ಲಿ ಆ ಮಿಡಿತವನ್ನು ಎಣಿಸಿ, ಮಿತಿಗಿಂತ ಕಡಿಮೆಯಾದರೆ ತಡೆಯುತ್ತದೆ, ಅಷ್ಟೆ. ಹಾಗಾಗಿ ಯಾರೋ ಧೂಳು ಒರೆಸುವಾಗ ಕನೆಕ್ಟರನ್ನು ಪಕ್ಕದ `CHA_FAN` ಪಿನ್ನಿಗೆ ಸಿಕ್ಕಿಸಿದ್ದರೆ ಫ್ಯಾನು ಭರ್ರನೆ ತಿರುಗುತ್ತಿದ್ದರೂ ದೂರು ತಪ್ಪುವುದಿಲ್ಲ. ಎಷ್ಟು ಸುತ್ತು ಎಣಿಸಿತು, ಎಷ್ಟು ಬೇಕಿತ್ತು ಎಂದು ಆ ಸಾಲಿನಲ್ಲೇ ಹೇಳಿದ್ದರೆ ಅರ್ಧ ಗೊಂದಲ ಇರುತ್ತಿರಲಿಲ್ಲ. ಅದು ಈ ಸಂದೇಶದ ದೊಡ್ಡ ಕೊರತೆ.

ನಮ್ಮ ಮನೆಯ ಡೆಸ್ಕ್‌ಟಾಪು ಚಳಿಗಾಲದ ಬೆಳಗ್ಗೆ ಮಾತ್ರ ಹೀಗೆ ನಿಲ್ಲುತ್ತಿತ್ತು, ಎರಡನೇ ಸಲ ಆನ್ ಮಾಡಿದರೆ ಸುಮ್ಮನೆ ಓಡುತ್ತಿತ್ತು. ಸೆಟಪ್ಪಿನ ಮಾನಿಟರ್ ಪುಟ ತೆರೆದು ನೋಡುತ್ತ ಕುಳಿತೆ. ಮಿತಿ 600 ಇತ್ತು. ಫ್ಯಾನು 480ರಲ್ಲಿ ತೆವಳುತ್ತಿದ್ದು, ನಾಲ್ಕೈದು ನಿಮಿಷದಲ್ಲಿ 900 ಮುಟ್ಟಿತು. ಪ್ರೊಸೆಸರಿನ ಬಿಸಿ ಮಾತ್ರ 45 ಡಿಗ್ರಿ ದಾಟಲಿಲ್ಲ. ಎಣಿಕೆ ಸೊನ್ನೆ ಅಥವಾ `N/A` ಎಂದಿದ್ದರೆ ತಂತಿಯನ್ನೋ ಪಿನ್ನನ್ನೋ ಮೊದಲು ಶಂಕಿಸಬೇಕಿತ್ತು. ನಿಧಾನವಾಗಿ ಏರುವ ಅಂಕಿ ಬೇರೆಯದೇ ಕತೆ ಹೇಳುತ್ತದೆ.

ಆದರೂ ಖಾತ್ರಿ ಬೇಕಲ್ಲ. ಕರೆಂಟು ಪೂರ್ತಿ ತೆಗೆದು, ಪ್ರೊಸೆಸರಿನ ಮತ್ತು ಕ್ಯಾಬಿನೆಟ್ಟಿನ ಫ್ಯಾನುಗಳ ಕನೆಕ್ಟರುಗಳನ್ನು ಅದಲುಬದಲು ಮಾಡಿದೆ. ಕ್ಯಾಬಿನೆಟ್ಟಿನ ಫ್ಯಾನು `CPU_FAN` ಪಿನ್ನಿನಲ್ಲಿ ಮೊದಲ ಕ್ಷಣದಿಂದಲೇ 1100 ತೋರಿಸಿತು. ಅಲ್ಲಿಗೆ ಪಿನ್ನು ನಿರ್ದೋಷಿ. ಪ್ರೊಸೆಸರಿನ ಫ್ಯಾನು ಮಾತ್ರ ಹೊಸ ಪಿನ್ನಿನಲ್ಲೂ ತೆವಳಿತು. ಮತ್ತೆ ಆಫ್ ಮಾಡಿ ರೆಕ್ಕೆಯನ್ನು ಬೆರಳಿನಿಂದ ತಳ್ಳಿದೆ. ಚೆನ್ನಾಗಿರುವ ಫ್ಯಾನು ಇನ್ನೂ ಕೆಲವು ಸುತ್ತು ತೇಲಿಕೊಂಡು ಹೋಗುತ್ತದೆ, ಇದು ಅರ್ಧ ಸುತ್ತಿಗೇ ಗಕ್ಕನೆ ನಿಂತಿತು. ಬೇರಿಂಗಿನ ಎಣ್ಣೆ ಒಣಗಿದೆ, ಚಳಿಗೆ ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇಲ್ಲಿ `Ignore` ಮಾಡಿದ್ದರೆ ಏನಾಗುತ್ತಿತ್ತು? ಪ್ರೊಸೆಸರು ಅಂದೇ ಸುಟ್ಟುಹೋಗುತ್ತಿರಲಿಲ್ಲ. 100 ಡಿಗ್ರಿಯ ಆಸುಪಾಸಿಗೆ ಬಂದಾಗ ಅದು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಮುಂದೊಂದು ದಿನ ಫ್ಯಾನು ಪೂರ್ತಿ ನಿಂತರೂ ಮನೆಯವರಿಗೆ ಕಾಣುವುದು 'ಕಂಪ್ಯೂಟರ್ ಸ್ಲೋ ಆಗಿದೆ' ಎಂಬುದಷ್ಟೆ. ಆಮೇಲೆ ವೈರಸ್ಸು ಹುಡುಕುತ್ತಾರೆ, ರ್‍ಯಾಮು ಹಾಕಿಸುತ್ತಾರೆ. ನೀರಿನ ಕೂಲರಿನ ಪಂಪು ಬೇರೆ ಪಿನ್ನಿನಲ್ಲಿದ್ದು `CPU_FAN` ಖಾಲಿಯೇ ಇದ್ದರೆ ಮಾತ್ರ ಆ ಆಯ್ಕೆಯನ್ನು ನಾನು ಒಪ್ಪುತ್ತೇನೆ.

ನಮ್ಮ ಫ್ಯಾನನ್ನು ಕೂಲರಿನ ಲೋಹದ ಭಾಗಕ್ಕೆ ಕ್ಲಿಪ್ಪಿನಲ್ಲಿ ಕೂರಿಸಿದ್ದರಿಂದ ಪೇಸ್ಟಿನ ತಂಟೆಗೆ ಹೋಗದೆ ಅದೊಂದನ್ನೇ ಬದಲಿಸಿದೆ. ಮಿತಿಯನ್ನು 600ರಲ್ಲೇ ಬಿಟ್ಟೆ.