‘ಮೈಸೆಲ್ಫ್’ ಎಂಬ ಒಂದು ನಿಮಿಷ

ಕ್ಯಾಂಪಸ್ ಸಂದರ್ಶನಗಳು ಶುರುವಾಗುವ ಮುಂಚೆ ಎಂಜಿನಿಯರಿಂಗ್ ಕಾಲೇಜೊಂದರವರು ಮಾಕ್ ಇಂಟರ್‌ವ್ಯೂ ಮಾಡಲು ನನ್ನನ್ನು ಕರೆಯುವುದುಂಟು. ಕಳೆದ ಸಲ ಒಂದೇ ಬೆಳಿಗ್ಗೆ ಹದಿನಾಲ್ಕು ಮಂದಿ ಬಂದು ಕೂತರು. ‘ನಿಮ್ಮ ಬಗ್ಗೆ ಹೇಳಿ’ ಅಂದಾಗ ಹದಿನಾಲ್ಕು ಮಂದಿಯೂ ಒಪ್ಪಿಸಿದ್ದು ಒಂದೇ ಪಾಠ. ಗುಡ್ ಮಾರ್ನಿಂಗ್ ಸರ್, ಈ ಅವಕಾಶಕ್ಕೆ ಥ್ಯಾಂಕ್ಸ್, ಮೈಸೆಲ್ಫ್ ಇಂಥವರು, ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು, ಪಿಯುಸಿಯಲ್ಲಿ ಇಷ್ಟು, ಬಿಇಯಲ್ಲಿ ಇಷ್ಟು, ಫಾದರ್ ಫಾರ್ಮರ್, ಮದರ್ ಹೋಮ್‌ಮೇಕರ್, ನಾನು ಹಾರ್ಡ್ ವರ್ಕರ್, ಕ್ವಿಕ್ ಲರ್ನರ್, ಹಾಬಿ ಹಾಡು ಕೇಳುವುದು, ದಟ್ಸ್ ಆಲ್. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಇಳಿದುಬಂದ ಜೆರಾಕ್ಸ್ ಹಾಳೆಯ ಕೃಪೆ ಇದು.

‘ಮೈಸೆಲ್ಫ್’ ವ್ಯಾಕರಣ ತಪ್ಪೆಂದು ನಗುವವರಿದ್ದಾರೆ. ನನಗೆ ಅದು ದೊಡ್ಡ ದೋಷ ಅನ್ನಿಸಿಲ್ಲ. ಮಾತು ಹೊರಡದೆ ಗಂಟಲು ಕಟ್ಟಿದ ಹುಡುಗನಿಗೆ ಬಾಯಿಪಾಠದ ಮೊದಲ ಸಾಲು ಊರುಗೋಲಾಗುತ್ತದೆ. ಅಷ್ಟರ ಮಟ್ಟಿಗೆ ಹಾಳೆಯ ಉಪಕಾರವೂ ಇದೆ. ತೊಂದರೆ ಇರುವುದು ನಿಮಿಷ ಖರ್ಚಾಗುವ ಬಗೆಯಲ್ಲಿ. ಕಂಪನಿ ಇಟ್ಟ ಕಟ್‌ಆಫ್ ದಾಟಿದ್ದರಿಂದಲೇ ಹುಡುಗ ಈ ಕುರ್ಚಿಯಲ್ಲಿ ಕೂತಿದ್ದಾನೆ, ಅಂಕಗಳು ರೆಸ್ಯೂಮೆಯಲ್ಲೂ ಇವೆ. ಅವನ್ನೇ ಮತ್ತೆ ಓದಿ ಹೇಳುವುದರಲ್ಲಿ ಅರ್ಧ ನಿಮಿಷ ಹೋಗುತ್ತದೆ. ಸಂದರ್ಶಕರಲ್ಲಿ ಎಷ್ಟೋ ಜನ ಆ ರೆಸ್ಯೂಮೆಯ ಮೇಲೆ ಕಣ್ಣಾಡಿಸುವುದೂ ಅದೇ ನಿಮಿಷದಲ್ಲಿ. ಹಾಗಾಗಿ ಕಿವಿಗೆ ಬಿದ್ದ ಕೊನೆಯ ಮಾತನ್ನೇ ಹಿಡಿದು ಮೊದಲ ಪ್ರಶ್ನೆ ಹಾಕುತ್ತಾರೆ. ಹಾಡಿನಲ್ಲಿ ಮುಗಿಸಿದವನಿಗೆ ‘ಯಾವ ಗಾಯಕರು ಇಷ್ಟ?’ ಎಂಬ ಪ್ರಶ್ನೆ ಸಿಗುತ್ತದೆ. ಕೆಲಸದ ಮಾತು ಅಲ್ಲಿಗೆ ಮುಂದಕ್ಕೆ ಹೋಯಿತು.

ಬಾಯಿಪಾಠವನ್ನು ಪತ್ತೆ ಹಚ್ಚುವುದು ಸುಲಭ. ನಡುವೆ ‘ನಿಮ್ಮದು ಯಾವ ತಾಲ್ಲೂಕು?’ ಅಂತ ಕೇಳಿದೆ. ಒಬ್ಬ ಹುಡುಗ ಉತ್ತರ ಕೊಟ್ಟವನು ಚಾವಣಿ ನೋಡಿದ, ತಡವರಿಸಿದ, ಪುನಃ ‘ಮೈಸೆಲ್ಫ್’ನಿಂದ ಹೊರಟ.

ಅವರಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಒಬ್ಬ ಹುಡುಗಿಯ ಪಾಠವನ್ನು ಮುರಿದು ಕಟ್ಟಲು ಒಂದರ್ಧ ಗಂಟೆ ಹಿಡಿಯಿತು. ‘ಫಾದರ್ ಫಾರ್ಮರ್’ ಅಂದಿದ್ದಳಲ್ಲ, ಏನು ಬೆಳೆ ಎಂದು ಕೇಳಿದೆ. ಅಲ್ಲಿಂದ ಬಿಚ್ಚಿಕೊಂಡಿತು. ಇಂಗ್ಲಿಷಿನಲ್ಲಿ ಅವಳು ಕೊನೆಗೆ ಹೇಳಿದ್ದರ ಸಾರಾಂಶ ಇಷ್ಟು:

“ಈ ವರ್ಷ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮುಗಿಸುತ್ತಿದ್ದೇನೆ. ನಮ್ಮದು ಗುಬ್ಬಿ ಕಡೆ ಅಡಿಕೆ ತೋಟ. ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಹೊತ್ತು ಬರುತ್ತದೆ, ಮೋಟಾರು ಹಾಕಲು ಅಪ್ಪ ಎರಡು ಗಂಟೆಗೆ ಎದ್ದು ಹೋಗುತ್ತಿದ್ದರು. ಮಣ್ಣಿನ ತೇವ ನೋಡಿಕೊಂಡು ಮೋಟಾರು ತಾನೇ ಆನ್ ಆಗುವ ಸಾಧನವನ್ನು ಮೂವರು ಸೇರಿ ಮಾಡಿದೆವು. ಸೆನ್ಸರ್ ಮತ್ತು ಆರ್ಡುಯಿನೊ ಪ್ರೋಗ್ರಾಮು ನನ್ನ ಪಾಲು. ಮೊದಲು ಹಾಕಿದ ಸೆನ್ಸರಿನ ಕಡ್ಡಿಗಳು ಮೂರು ವಾರಕ್ಕೆ ಸವೆದು ತಪ್ಪು ತೋರಿಸತೊಡಗಿದವು. ಅದನ್ನು ತೆಗೆದು ಕೆಪ್ಯಾಸಿಟಿವ್ ಸೆನ್ಸರ್ ಹಾಕಿದೆ. ನಿಮ್ಮಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಜನ ಬೇಕೆಂದು ನೋಡಿ ಬಂದಿದ್ದೇನೆ.”

ಫೋನಿನಲ್ಲಿ ಅಳೆದಾಗ 52 ಸೆಕೆಂಡು. ಓದಿಗೆ ಒಂದೇ ವಾಕ್ಯ ಸಾಕಾಯಿತು. ಅಪ್ಪ ರೈತ ಎಂಬುದು ಮೊದಲು ಅರ್ಜಿಯ ಕಾಲಂ ಭರ್ತಿ ಮಾಡಿದಂತಿತ್ತು, ಈಗ ಪ್ರಾಜೆಕ್ಟಿಗೆ ಕಾರಣವಾಗಿ ನಿಂತಿತು. ‘ಕ್ವಿಕ್ ಲರ್ನರ್’ ಎಂಬ ಬಿರುದು ಬಿದ್ದುಹೋಯಿತು. ಸವೆದ ಕಡ್ಡಿ ಆ ಮಾತನ್ನು ಅವಳ ಪರವಾಗಿ ಹೇಳುತ್ತಿತ್ತು. ಮೂವರಲ್ಲಿ ತನ್ನ ಪಾಲು ಯಾವುದೆಂದು ಬೇರ್ಪಡಿಸಿ ಹೇಳಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು, ಏಕೆಂದರೆ ಪ್ರಾಜೆಕ್ಟಿನ ಮಾತು ಬಂದಾಗ ಮಿಕ್ಕವರೆಲ್ಲ ‘ನಾವು ಮಾಡಿದೆವು’ ಎಂಬ ಕಂಬಳಿಯೊಳಗೆ ಮುಸುಕೆಳೆದುಕೊಂಡಿದ್ದರು.

ಈ ಮಾದರಿಗೂ ಒಂದು ಮಿತಿ ಇದೆ. ಅದು ಪ್ರಶ್ನೆಯನ್ನು ಕರೆದು ಕೂರಿಸುತ್ತದೆ. ‘ಕಡ್ಡಿ ಯಾಕೆ ಸವೆಯಿತು?’ ಎಂದು ಕೇಳಿದೆ. ಒದ್ದೆ ಮಣ್ಣಿನಲ್ಲಿ ಬಿಡುವಿಲ್ಲದೆ ಡಿಸಿ ಕರೆಂಟು ಹರಿದರೆ ಒಂದು ಕಡ್ಡಿಯ ಲೋಹ ಕರಗುತ್ತಾ ಹೋಗುತ್ತದೆ, ಅಳತೆ ತೆಗೆಯುವಾಗ ಮಾತ್ರ ಕರೆಂಟು ಕೊಟ್ಟಿದ್ದರೆ ಇನ್ನಷ್ಟು ದಿನ ಬರುತ್ತಿತ್ತು ಎಂದಳು. ಅವಳ ಹಿಂದೆಯೇ ಬಂದ ಹುಡುಗ ಪಾಠ ಒಪ್ಪಿಸಿದ ಮೇಲೆ ಇದೇ ಧಾಟಿಯಲ್ಲಿ ಚೆಂದವಾಗಿ ಶುರು ಮಾಡಿ ಎರಡನೆಯ ಪ್ರಶ್ನೆಗೆ ಮಾತು ನಿಲ್ಲಿಸಿದ. ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಅಂಗಡಿಯಿಂದ ತಂದಿದ್ದನಂತೆ. ಅವನಿಗೆ ಹಳೆಯ ಜೆರಾಕ್ಸೇ ಕ್ಷೇಮವಾಗಿತ್ತೇನೋ.

ಪ್ಲೇಸ್‌ಮೆಂಟ್ ಸೆಲ್‌ನವರಲ್ಲಿ ನನ್ನದೊಂದು ಕೋರಿಕೆ. ಈ ವರ್ಷ ಆ ಹಾಳೆ ಹಂಚಬೇಡಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ‘ನಿನ್ನ ಪ್ರಾಜೆಕ್ಟಿನಲ್ಲಿ ಕೆಟ್ಟದ್ದು ಏನು, ಸರಿ ಮಾಡಿದ್ದು ಯಾರು?’ ಎಂದು ಕೇಳಿ, ಬಂದ ಉತ್ತರದಿಂದಲೇ ಆ ನಿಮಿಷವನ್ನು ಬರೆಸಿ.